ಸೈನ್ ಅಲೆ ತ್ರಿಕೋನವಾದ ದಿನ

ಹುಬ್ಬಳ್ಳಿಯಿಂದ ಪುಣೆಗೆ ಬಂದು ಭೋಸರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತು. ಸಿಗ್ನಲ್ ಜನರೇಟರೊಂದರ ಕೊನೆಯ ಹಂತದಲ್ಲಿ ನಾನು 741 ಆಪ್-ಆಂಪನ್ನು ಬಫರ್ ಆಗಿ ಹಾಕಿದ್ದೆ. ಅದರ ಗೇನ್-ಬ್ಯಾಂಡ್‌ವಿಡ್ತ್ 1 ಮೆಗಾಹರ್ಟ್ಜ್, ನನಗೆ ಬೇಕಿದ್ದದ್ದು ಬರೀ 20 ಕಿಲೋಹರ್ಟ್ಜ್. ಧಾರಾಳವಾಯಿತು ಅಂದುಕೊಂಡೆ.

0.1 ವೋಲ್ಟ್ ಕೊಟ್ಟಾಗ ಎಲ್ಲ ಸರಿಯಿತ್ತು. 10 ವೋಲ್ಟ್ ಶಿಖರದ ಸೈನ್ ಅಲೆ ಕೊಟ್ಟಾಗ ಸ್ಕೋಪಿನ ಮೇಲೆ ಬಂದದ್ದು ತ್ರಿಕೋನ, ಅದೂ ಆರು ವೋಲ್ಟಿನಷ್ಟೇ ಎತ್ತರ. ಐಸಿ ಬದಲಿಸಿ ನೋಡಿದೆ, ಸಪ್ಲೈ ನೋಡಿದೆ. ಅದೇ ತ್ರಿಕೋನ.

ನಮ್ಮಲ್ಲಿ ಬೆಳಗಾವಿಯ ಹಿರಿಯರೊಬ್ಬರಿದ್ದರು, ಎಲ್ಲರಿಗೂ ಕಾಕಾ. ಅವರು ಬಂದು ಇನ್‌ಪುಟ್ಟನ್ನು ಇನ್ನಷ್ಟು ಹೆಚ್ಚಿಸಿದರು. ತ್ರಿಕೋನದ ಇಳಿಜಾರು ಕಿಂಚಿತ್ತೂ ಬದಲಾಗಲಿಲ್ಲ. "ನೋಡು, ಬ್ಯಾಂಡ್‌ವಿಡ್ತ್ ಸಾಲದಿದ್ರ ಸೈನ್ ಸೈನ್ ಆಗೇ ಉಳೀತದ, ಸಣ್ಣದಾಗ್ತದ ಅಷ್ಟ. ಇದು ಸ್ಲೂ ರೇಟ್" ಅಂದರು.

ಲೆಕ್ಕ ಸರಳ. 10 ವೋಲ್ಟ್ ಶಿಖರದ 20 ಕಿಲೋಹರ್ಟ್ಜ್ ಅಲೆ ಸೊನ್ನೆಯನ್ನು ದಾಟುವಾಗ ಮೈಕ್ರೋಸೆಕೆಂಡಿಗೆ 1.26 ವೋಲ್ಟ್ ಏರಬೇಕು. 741ಕ್ಕೆ ಆಗುವುದು ಸುಮಾರು 0.5. ಅಲೆಯ ಕಾಲು ಭಾಗ 12.5 ಮೈಕ್ರೋಸೆಕೆಂಡ್, ಅಷ್ಟರಲ್ಲಿ ಅದು ಏರುವುದು 6.25 ವೋಲ್ಟ್. ನಾನು ಕಂಡದ್ದು ಅದನ್ನೇ.

ಈ 0.5 ಬರುವುದು ಎಲ್ಲಿಂದ? ಇನ್‌ಪುಟ್ ಜೋಡಿಯ ಎರಡು ಟ್ರಾನ್ಸಿಸ್ಟರ್ ಬದಿಗಳಿಗೆ ಹಂಚಿಕೆಯಾಗುವುದು ಒಂದೇ ಟೇಲ್ ಕರೆಂಟ್, 741ರಲ್ಲಿ ಸುಮಾರು 20 ಮೈಕ್ರೋಆಂಪಿಯರ್. ಸಿಗ್ನಲ್ ದೊಡ್ಡದಾದಾಗ ಆ ಕರೆಂಟೆಲ್ಲ ಒಂದೇ ಬದಿಗೆ ವಾಲಿ, ಎರಡನೆಯ ಹಂತದ 30 ಪಿಕೋಫ್ಯಾರಡ್ ಕಾಂಪೆನ್ಸೇಶನ್ ಕೆಪಾಸಿಟರನ್ನು ತುಂಬುತ್ತದೆ. ನಲ್ಲಿಯಲ್ಲಿ ಎಷ್ಟು ನೀರಿದೆಯೋ ಕೊಡ ಅಷ್ಟೇ ವೇಗವಾಗಿ ತುಂಬೀತು.

"ಹಾಗಿದ್ರ ಟೇಲ್ ಕರೆಂಟ್ ದುಪ್ಪಟ್ಟು ಇರೋ ಐಸಿ ಮಾಡಿದ್ರ ಆತಲ್ಲ ಕಾಕಾ?" ಅಂದೆ. ಅವರು ಹಾಳೆಯ ಮೇಲೆ ಮೂರು ಸಾಲು ಬರೆದರು:

```
SR = I / C
ωu = gm / C
SR = (I / gm) × ωu
```

ಬೈಪೋಲಾರ್ ಟ್ರಾನ್ಸಿಸ್ಟರಿನಲ್ಲಿ ಕರೆಂಟ್ ದುಪ್ಪಟ್ಟಾದರೆ ಟ್ರಾನ್ಸ್‌ಕಂಡಕ್ಟನ್ಸೂ, ಅಂದರೆ gm ಕೂಡ, ದುಪ್ಪಟ್ಟಾಗುತ್ತದೆ. ಗೇನ್ ಒಂದಕ್ಕೆ ಇಳಿಯುವ ಆವರ್ತನ 2 ಮೆಗಾಹರ್ಟ್ಜ್‌ಗೆ ಏರುತ್ತದೆ. ಅಲ್ಲಿ 741ರ ನಿಧಾನದ ಪಿಎನ್‌ಪಿ ಟ್ರಾನ್ಸಿಸ್ಟರುಗಳು ಹಿಂದೆ ಬೀಳುತ್ತವೆ, ಬಫರ್ ಆಗಿ ಕಟ್ಟಿದರೆ ಔಟ್‌ಪುಟ್ ತೂಗಾಡತೊಡಗುತ್ತದೆ. ಅದನ್ನು ತಡೆಯಲು ಕೆಪಾಸಿಟರನ್ನೂ ದುಪ್ಪಟ್ಟು ಮಾಡಬೇಕು. ನಲ್ಲಿ ದೊಡ್ಡದಾಯಿತು, ಕೊಡವೂ ದೊಡ್ಡದಾಯಿತು. ಸ್ಲೂ ರೇಟ್ ಇದ್ದಲ್ಲೇ ಇತ್ತು.

ಹಾಗಾಗಿ ಆವರ್ತನ ಏರಿಸಲಾಗದಿದ್ದರೆ ಬದಲಿಸಬೇಕಾದದ್ದು I/gm ಎಂಬ ಅನುಪಾತವನ್ನು. 741ರಲ್ಲಿ ಅದು ಸುಮಾರು 0.1 ವೋಲ್ಟ್. ಜೆಫೆಟ್ ಇನ್‌ಪುಟ್ಟಿನ TL081ರಲ್ಲಿ ಅದೇ ಕರೆಂಟಿಗೆ gm ಬಹಳ ಕಡಿಮೆ. ಅದರ 13 ವೋಲ್ಟ್, 3 ಮೆಗಾಹರ್ಟ್ಜ್ ಅಂಕಿಗಳಿಂದ ಲೆಕ್ಕ ಹಾಕಿದರೆ ಅನುಪಾತ ಸುಮಾರು 0.7 ವೋಲ್ಟ್. ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಹೋಗಿ ಒಂದು ತಂದೆ. ಪಿನ್ನುಗಳು ಅವೇ. ಸಾಕೆಟ್ಟಿಗೆ ಚುಚ್ಚಿದ್ದೇ ತಡ, ತುಂಬು 10 ವೋಲ್ಟಿನ ಸೈನ್ ಅಲೆ.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಉತ್ಸಾಹದಲ್ಲಿ, ಖರೀದಿಗೂ ಸುಲಭವೆಂದು, ನಲವತ್ತು ಬೋರ್ಡುಗಳಲ್ಲಿ ಎಲ್ಲ 741ಗಳನ್ನೂ ತೆಗೆಸಿ TL081 ಹಾಕಿಸಿದೆ. ಅದೇ ಬೋರ್ಡಿನಲ್ಲಿ ನೂರು ಪಟ್ಟು ಗೇನಿನ ಒಂದು ಡಿಸಿ ಹಂತವೂ ಇತ್ತು. ಪರೀಕ್ಷೆಯ ಹುಡುಗ ಬಂದು, ಇನ್‌ಪುಟ್ ಶಾರ್ಟ್ ಮಾಡಿದರೂ ಮೀಟರ್ 400 ಮಿಲಿವೋಲ್ಟ್ ತೋರಿಸುತ್ತಿದೆ ಎಂದ. ಅಂದರೆ ಇನ್‌ಪುಟ್ಟಿನಲ್ಲಿ 4 ಮಿಲಿವೋಲ್ಟ್ ಆಫ್‌ಸೆಟ್.

ಐಸಿಗಳು ಕೆಟ್ಟಿರಲಿಲ್ಲ. ಜೋಡಿಯ ಎರಡು ಬದಿಗಳು ಎಂದೂ ತದ್ರೂಪ ಇರುವುದಿಲ್ಲ. ಕರೆಂಟಿನಲ್ಲಿ ಶೇಕಡಾ 1ರ ವ್ಯತ್ಯಾಸವಿದ್ದರೆ, ಅದನ್ನು ಸರಿದೂಗಿಸಲು ಇನ್‌ಪುಟ್ಟಿನಲ್ಲಿ ಬೇಕಾಗುವ ವೋಲ್ಟೇಜು I/gmನ ಅರ್ಧದ ಶೇಕಡಾ 1. ಅನುಪಾತ 0.1 ಇದ್ದಾಗ ಅದು ಅರ್ಧ ಮಿಲಿವೋಲ್ಟ್, 0.7 ಇದ್ದಾಗ ಮೂರೂವರೆ. ನನಗೆ ವೇಗ ಕೊಟ್ಟ ಅದೇ ಅನುಪಾತ ನನ್ನ ಸೊನ್ನೆಯನ್ನು ಕೆಡಿಸಿತ್ತು. ಪಾಟ್ ತಿರುಗಿಸಿ ಸೊನ್ನೆ ಮಾಡಬಹುದಿತ್ತು, ಆದರೆ ಡಬ್ಬಿ ಬಿಸಿಯಾದಂತೆ ಅದು ಮತ್ತೆ ಜಾರುತ್ತಿತ್ತು.

ಆ ರಾತ್ರಿ ಕಾಕಾ ಮನೆಗೆ ಹೋಗಲಿಲ್ಲ. ಡಿಸಿ ಹಂತಗಳಿಗೆ ನಲವತ್ತು 741ಗಳನ್ನು ಇಬ್ಬರೂ ಕೂತು ವಾಪಸು ಹಾಕಿದೆವು. ಬೈಯಲಿಲ್ಲ. ಚಹಾ ಕುಡಿಯುವಾಗ ಒಂದೇ ಮಾತು: "ಡಾಟಾಶೀಟ್‌ನಾಗ ಸ್ಲೂ ರೇಟ್ ದೊಡ್ಡದು ಕಂಡ್ರ, ಆಫ್‌ಸೆಟ್ ಸಾಲಿಗೂ ಬೆರಳಿಡು."

ಈಗ ನಾನು ಬಾಣೇರಿನಲ್ಲಿ ಸಿಮಾಸ್ ಚಿಪ್ಪುಗಳ ಕೆಲಸದಲ್ಲಿದ್ದೇನೆ. ಅಲ್ಲಿ I/gm ಅಂದರೆ ಹೆಚ್ಚುಕಡಿಮೆ ಟ್ರಾನ್ಸಿಸ್ಟರಿನ ಓವರ್‌ಡ್ರೈವ್ ವೋಲ್ಟೇಜೇ, ಅದನ್ನು ವಿನ್ಯಾಸ ಮಾಡುವವರೇ ಆರಿಸಬಹುದು. ಆರಿಸುವಾಗಲೆಲ್ಲ ನನ್ನ ಬೆರಳು ಎರಡೂ ಸಾಲುಗಳ ಮೇಲಿರುತ್ತದೆ.