ಮುಖಪುಟದ ಮೊದಲ ಹಕ್ಕು ಶೀರ್ಷಿಕೆಗೆ

ಮಲ್ಲತ್ತಹಳ್ಳಿಯ ಡಾ. ಅಂಬೇಡ್ಕರ್ ತಾಂತ್ರಿಕ ಕಾಲೇಜಾಗಲಿ, ಮೈಸೂರು ರಸ್ತೆಯ ಆರ್.ವಿ. ಕಾಲೇಜಾಗಲಿ, ಕೆಂಗೇರಿ ಕಡೆಯ ಜೆಎಸ್‌ಎಸ್ ಅಕಾಡೆಮಿಯಾಗಲಿ, ವಿಟಿಯು ಅಡಿಯ ಪ್ರಾಜೆಕ್ಟ್ ವರದಿಯ ಮುಖಪುಟದಲ್ಲಿ ಬರುವ ವಿವರಗಳು ಹೆಚ್ಚುಕಡಿಮೆ ಒಂದೇ. ಮೇಲೆ ವಿಶ್ವವಿದ್ಯಾಲಯದ ಹೆಸರು, ‘ಜ್ಞಾನ ಸಂಗಮ, ಬೆಳಗಾವಿ – 590018’ ಎಂಬ ವಿಳಾಸ, ಲಾಂಛನ. ಆಮೇಲೆ ಶೀರ್ಷಿಕೆ, ಪದವಿಯ ಸಾಲು, ವಿದ್ಯಾರ್ಥಿಗಳ ಹೆಸರು ಮತ್ತು ಯುಎಸ್‌ಎನ್, ಗೈಡ್ ಹೆಸರು. ಕೊನೆಗೆ ವಿಭಾಗ, ಕಾಲೇಜು, ವರ್ಷ. ಇಷ್ಟನ್ನೂ ಒಂದು ಎ4 ಹಾಳೆಯಲ್ಲಿ ಕೂರಿಸಬೇಕು. ಹಾಗಾಗಿ ‘ಎಲ್ಲವನ್ನೂ ಕಾಲೇಜೇ ನಿಗದಿ ಮಾಡಿದೆ, ನಾವು ವಿನ್ಯಾಸ ಮಾಡುವುದೇನಿದೆ?’ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಆದರೆ ಕಾಲೇಜು ಹೇಳುವುದು ಏನೇನಿರಬೇಕು, ಯಾವ ಕ್ರಮದಲ್ಲಿರಬೇಕು ಎಂದಷ್ಟೆ. ಹೆಚ್ಚೆಂದರೆ ಅಕ್ಷರದ ಗಾತ್ರವನ್ನೂ ಹೇಳೀತು. ಸಾಲನ್ನು ಎಲ್ಲಿ ಮುರಿಯಬೇಕು, ಯಾವುದರ ಸುತ್ತ ಎಷ್ಟು ಜಾಗ ಬಿಡಬೇಕು, ಯಾವುದನ್ನು ದಪ್ಪ ಮಾಡಬಾರದು ಎಂಬುದು ವಿದ್ಯಾರ್ಥಿಯ ಕೈಯಲ್ಲೇ ಉಳಿದಿರುತ್ತದೆ. ಆ ಪುಟದಲ್ಲಿ ಬೇರೆ ವರದಿಗಳಲ್ಲಿ ಇಲ್ಲದ ಮುಖ್ಯ ಸಂಗತಿ ಶೀರ್ಷಿಕೆಯೊಂದೇ. ಆದ್ದರಿಂದ ಈ ಎಲ್ಲ ತೀರ್ಮಾನಗಳೂ ಅದು ಮೊದಲು ಕಣ್ಣಿಗೆ ಬೀಳುವಂತೆ ಇರಬೇಕು ಎಂಬುದು ನನ್ನ ವಾದ.

ಒಂದು ಶೀರ್ಷಿಕೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ: ‘ಕೆಂಗೇರಿ ಕೆರೆಯ ನೀರಿನ ಗುಣಮಟ್ಟದ ಅಳತೆಗೆ ಕಡಿಮೆ ವೆಚ್ಚದ ಸೆನ್ಸರ್ ವ್ಯವಸ್ಥೆ’. ವರ್ಡ್‌ನಲ್ಲಿ ಟೈಪು ಮಾಡಿ ಹಾಗೇ ಬಿಟ್ಟರೆ, ಸಾಲು ತುಂಬಿದ ಕಡೆ ಅದು ತಾನಾಗಿ ಮುರಿಯುತ್ತದೆ. ‘ಅಳತೆಗೆ ಕಡಿಮೆ’ ಎಂದು ಮೇಲಿನ ಸಾಲು ನಿಂತು, ‘ವೆಚ್ಚದ ಸೆನ್ಸರ್ ವ್ಯವಸ್ಥೆ’ ಎಂದು ಕೆಳಗಿನದು ಶುರುವಾಗಬಹುದು. ಓದುವವರು ಒಂದು ಕ್ಷಣ ತಡವರಿಸುತ್ತಾರೆ, ಕಡಿಮೆಯಾಗಿದ್ದು ಅಳತೆಯೋ ವೆಚ್ಚವೋ ಎಂದು. ‘ಅಳತೆಗೆ’ ಆದ ಮೇಲೆ ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಸಾಕು: ಕೆಲಸ ಯಾವುದಕ್ಕಾಗಿ ಎಂಬುದು ಮೇಲಿನ ಸಾಲಿನಲ್ಲಿ, ಮಾಡಿದ್ದೇನು ಎಂಬುದು ಕೆಳಗಿನ ಸಾಲಿನಲ್ಲಿ. ಅರ್ಥ ಒಡೆಯುವ ಕಡೆಯೇ ಸಾಲೂ ಒಡೆಯಬೇಕು. ಶೀರ್ಷಿಕೆಗೆ 20 ಪಾಯಿಂಟ್ ಕೊಟ್ಟು, ಹೆಸರುಗಳಿಗೂ ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ 14, ಉಳಿದದ್ದಕ್ಕೆ 12 ಕೊಟ್ಟರೆ ಮೂರೇ ಮೆಟ್ಟಿಲಲ್ಲಿ ಪುಟ ಸ್ಪಷ್ಟವಾಗುತ್ತದೆ. ಎಲ್ಲವನ್ನೂ ದಪ್ಪ ಮಾಡಿದರೆ ಯಾವುದೂ ದಪ್ಪ ಕಾಣುವುದಿಲ್ಲ.

ಪುಟ ಹೆಚ್ಚಾಗಿ ಕೆಡುವುದು ಹೆಸರುಗಳ ಜಾಗದಲ್ಲಿ. ನಾಲ್ವರ ತಂಡದಲ್ಲಿ ಒಬ್ಬರ ಹೆಸರು ಎರಡಕ್ಷರದ್ದು, ಇನ್ನೊಬ್ಬರದು ಇನಿಷಿಯಲ್ ಸೇರಿ ಉದ್ದದ್ದು. ಹೆಸರನ್ನೂ ಯುಎಸ್‌ಎನ್ನನ್ನೂ ಒಂದೇ ಸಾಲಿನಲ್ಲಿ ಬರೆದು ಮಧ್ಯಕ್ಕೆ ಕೂರಿಸಿದರೆ ನಾಲ್ಕು ಯುಎಸ್‌ಎನ್ ನಾಲ್ಕು ಕಡೆ ನಿಲ್ಲುತ್ತವೆ. ಸರಿಮಾಡಲು ಸ್ಪೇಸ್ ಒತ್ತುತ್ತಾ ಹೋದರೆ ಆ ಕಂಪ್ಯೂಟರಿನಲ್ಲಿ ಸರಿ ಕಂಡೀತು. ವಿಜಯನಗರದ ಜೆರಾಕ್ಸ್ ಅಂಗಡಿಯಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಮತ್ತೆ ಚದುರುತ್ತದೆ. ಇದಕ್ಕೆ ಮದ್ದು, ಗೆರೆ ಕಾಣದ ಎರಡು ಕಾಲಂಗಳ ಟೇಬಲ್: ಎಡಕ್ಕೆ ಹೆಸರು, ಬಲಕ್ಕೆ ಯುಎಸ್‌ಎನ್, ಎರಡೂ ಎಡದಿಂದ ಶುರು. ಯುಎಸ್‌ಎನ್ನಿನಲ್ಲಿ ಹತ್ತು ಸ್ಥಾನಗಳು: ಮೊದಲು ವಲಯದ ಅಂಕಿ, ಆಮೇಲೆ ಕಾಲೇಜಿನ ಎರಡಕ್ಷರ, ಸೇರಿದ ವರ್ಷ, ವಿಭಾಗದ ಎರಡಕ್ಷರ, ಕೊನೆಗೆ ಮೂರಂಕಿಯ ಕ್ರಮಸಂಖ್ಯೆ. ಒಂದರ ಕೆಳಗೊಂದು ನೇರವಾಗಿ ನಿಂತಾಗ, ಒಂದೇ ತರಗತಿಯವರ ಸಂಖ್ಯೆಗಳಲ್ಲಿ ಬದಲಾಗುವುದು ಸಾಮಾನ್ಯವಾಗಿ ಕೊನೆಯ ಮೂರಂಕಿ ಮಾತ್ರ ಎಂಬುದು ತಾನಾಗಿ ಕಾಣುತ್ತದೆ. ನಡುವೆ ಎಲ್ಲಾದರೂ ತಪ್ಪಿದ್ದರೆ ಅದೂ ಕಾಣುತ್ತದೆ. ಇಲ್ಲಿ ಅಂದಕ್ಕೆ ಮಾಡಿದ ಕೆಲಸವೇ ಕರಡು ತಿದ್ದುವ ಕೆಲಸವನ್ನೂ ಮಾಡುತ್ತದೆ.

‘ಸಂಸ್ಥೆಗೆ ಗೌರವ ಬೇಡವೇ? ವಿಶ್ವವಿದ್ಯಾಲಯದ ಹೆಸರಲ್ಲವೇ ದೊಡ್ಡದಿರಬೇಕು?’ ಎಂಬ ಆಕ್ಷೇಪ ಹಗುರವಾದದ್ದಲ್ಲ. ಪದವಿ ಕೊಡುವುದು ವಿಶ್ವವಿದ್ಯಾಲಯ, ಕೆಲಸಕ್ಕೆ ಹೊಣೆ ನಿಂತದ್ದು ಕಾಲೇಜು. ಆದರೆ ಪುಟದ ನೆತ್ತಿಯ ಸ್ಥಾನವೇ ಗೌರವದ ಸ್ಥಾನ. ಅಲ್ಲಿ 14 ಪಾಯಿಂಟಿನಲ್ಲಿದ್ದರೂ ಆ ಹೆಸರಿಗೆ ಕುಂದಿಲ್ಲ. ಕಾಲೇಜಿನ ವಿವರವನ್ನು ಹರಡದೆ ವಿಭಾಗ, ಕಾಲೇಜು, ಪಿನ್‌ಕೋಡ್ ಸಹಿತ ವಿಳಾಸ ಎಂದು ಬಿಗಿಯಾದ ಮೂರು ಸಾಲಾಗಿ ಕೆಳಗೆ ಕಟ್ಟಿದರೆ ಅದು ಬುನಾದಿಯಂತೆ ಪುಟವನ್ನು ಹೊರುತ್ತದೆ. ವಿಶ್ವವಿದ್ಯಾಲಯದ ಲಾಂಛನದ ಜೊತೆ ಕಾಲೇಜಿನದೂ ಇದ್ದರೆ ಎರಡೂ ಒಂದೇ ಎತ್ತರಕ್ಕಿರಲಿ. ಜಾಲತಾಣದಿಂದ ಇಳಿಸಿದ ಚಿಕ್ಕ ಚಿತ್ರವನ್ನು ಎಳೆದು ಹಿಗ್ಗಿಸಿದರೆ ಅಂಚು ಮಸುಕಾಗುತ್ತದೆ. ನಿಜವಾದ ಅಗೌರವ ಅದು. ಬಣ್ಣದ ಬಾರ್ಡರ್ ಹಾಕಿದರೆ ಚೆನ್ನಾಗಿ ಕಾಣುತ್ತದಲ್ಲ ಎನ್ನುವವರಿಗೆ ಒಂದು ಮಾತು: ಬೈಂಡಿಂಗ್ ಆದ ಮೇಲೆ ಹಾಳೆಯ ಅಂಚು ಕತ್ತರಿಸುವಾಗ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬಾರ್ಡರ್ ಸೊಟ್ಟಗಾಗಿ ಕಾಣುತ್ತದೆ. ಬಾರ್ಡರ್ ಇಲ್ಲದಿದ್ದರೆ ಅದು ಯಾರ ಗಮನಕ್ಕೂ ಬರುವುದಿಲ್ಲ.

ಅಂಗಡಿಗೆ ವರ್ಡ್ ಫೈಲ್ ಬದಲು ಪಿಡಿಎಫ್ ಒಯ್ಯಬೇಕು. ಕನ್ನಡದಲ್ಲಿ ಬರೆದ ವರದಿಯಾದರಂತೂ ಇದು ತಪ್ಪಬಾರದು, ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್ ಇಲ್ಲದ ಕಡೆ ಅಕ್ಷರಗಳು ಗುರುತೇ ಸಿಗದಂತಾಗುತ್ತವೆ. ಒಯ್ಯುವ ಮೊದಲು ಪುಟವನ್ನು ಪರದೆಯ ಮೇಲೆ ಶೇ 25ಕ್ಕೆ ಕುಗ್ಗಿಸಿ ನೋಡಬೇಕು. ಆಗ ಓದಲು ಸಿಗುವ ಮೊದಲ ಸಾಲು ಶೀರ್ಷಿಕೆಯಾಗಿದ್ದರೆ ಪುಟ ಸಿದ್ಧವಾಗಿದೆ. ‘ಪ್ರಾಜೆಕ್ಟ್ ವರದಿ’ ಎಂಬುದೋ ಪದವಿಯ ಹೆಸರೋ ಮೊದಲು ಕಂಡರೆ ಶೀರ್ಷಿಕೆಯನ್ನು ಮತ್ತಷ್ಟು ಹಿಗ್ಗಿಸುವುದಲ್ಲ, ಹಾಗೆ ಮೊದಲು ಕಂಡದ್ದನ್ನು ಕುಗ್ಗಿಸಬೇಕು.