ಬೋರ್ಡಿನಲ್ಲಿ ಕೆಲಸ ಮುಗಿದಿತ್ತು, ಅಣ್ಣನ ಫೋನಿನಲ್ಲಿ ಮುಗಿದಿರಲಿಲ್ಲ

ಕೋಲಾರದ ಮಂಡಿಯಲ್ಲಿ ಟೊಮ್ಯಾಟೊ ಬಾಕ್ಸ್ ಲೆಕ್ಕದಲ್ಲಿ ಹರಾಜಾಗುತ್ತದೆ. ಒಂದು ಬಾಕ್ಸ್ ಎಂದರೆ 15 ಕೆ.ಜಿ. ದರಪಟ್ಟಿಯಲ್ಲಿ ಬರುವುದು ಮಾತ್ರ ಕ್ವಿಂಟಲ್ ಲೆಕ್ಕ. ನಾವು ನಾಲ್ವರು ಸೇರಿ ಮಾಡಿದ ದರದ ಪುಟ ಇಷ್ಟೇ ಕೆಲಸ ಮಾಡುತ್ತಿತ್ತು: ಕ್ವಿಂಟಲ್ ದರ ತೆಗೆದುಕೊಂಡು ಬಾಕ್ಸ್ ದರ ತೋರಿಸುವುದು.

ಒಂದು ಮಂಗಳವಾರ ತೋಟದಿಂದ ಒಬ್ಬ ಅಣ್ಣ ಫೋನ್ ಮಾಡಿದರು. "ಏನಮ್ಮಾ, ನಿಮ್ಮ ಪೇಜಲ್ಲಿ 320 ಅಂತೈತೆ, ಮಂಡೀಲಿ 240ಕ್ಕೆ ಹೋಗ್ತಾ ಐತೆ. ಎಲ್ಲಿಂದ ತರ್ತೀರಾ ಈ ರೇಟು?" ನೋಡಿದರೆ ತಪ್ಪು ನಮ್ಮದೇ. ಅಂದು ಕ್ವಿಂಟಲ್ ದರ 1,600. ಬಾಕ್ಸ್ ಎಂದರೆ 20 ಕೆ.ಜಿ. ಎಂದುಕೊಂಡು ಲೆಕ್ಕ ಬರೆದಿದ್ದೆವು. ಸರಿಪಡಿಸಬೇಕಾದದ್ದು ಒಂದೇ ಸಾಲು.

```
- box = quintal * 20 / 100
+ box = quintal * 15 / 100
```

ನಮ್ಮ ಪುಟದ ಕೋಡ್ ಗಿಟ್‌ಹಬ್‌ನಲ್ಲಿದೆ. ಅಲ್ಲಿ ಪ್ರತಿಯೊಂದು ದೂರಿಗೂ ಒಂದು ಇಶ್ಯೂ ತೆರೆಯುತ್ತೇವೆ, ಅದಕ್ಕೊಂದು ನಂಬರ್ ಬೀಳುತ್ತದೆ. ಅಣ್ಣನ ದೂರಿಗೆ ಬಿದ್ದದ್ದು #27. ಕೋಡ್ ತಿದ್ದಿದವರು ಅದನ್ನು ನೇರವಾಗಿ ಮೂಲಕ್ಕೆ ಸೇರಿಸುವ ಹಾಗಿಲ್ಲ. "ಹೀಗೆ ತಿದ್ದಿದ್ದೇನೆ, ಒಮ್ಮೆ ನೋಡಿ ಸೇರಿಸಿ" ಎಂದು ಉಳಿದವರ ಮುಂದಿಡಬೇಕು. ಅದೇ ಪುಲ್ ರಿಕ್ವೆಸ್ಟ್. ಇನ್ನೊಬ್ಬರು ನೋಡಿ ಒಪ್ಪಿ ಸೇರಿಸಿದರೆ ಅದು ಮರ್ಜ್.

ಮೊದಲೆಲ್ಲ ಯಾವ ದೂರು ಎಲ್ಲಿಗೆ ಬಂತು ಎಂದು ವಾಟ್ಸಾಪ್‌ನಲ್ಲಿ ಬರೆದುಕೊಳ್ಳುತ್ತಿದ್ದೆವು. ತಿದ್ದಿದವರು ಹೇಳಲು ಮರೆಯುತ್ತಿದ್ದರು, ಇನ್ನೊಬ್ಬರು ಅದನ್ನೇ ಮತ್ತೆ ತಿದ್ದಲು ಕೂರುತ್ತಿದ್ದರು. ಆಗ ಒಂದು ಉಪಾಯ ಗೊತ್ತಾಯಿತು. ಪುಲ್ ರಿಕ್ವೆಸ್ಟ್‌ನ ವಿವರಣೆಯಲ್ಲಿ ಒಂದು ಸಾಲು ಬರೆದರೆ ಸಾಕು:

```
Fixes #27
```

ಮರ್ಜ್ ಆದ ಕ್ಷಣ ಗಿಟ್‌ಹಬ್ ತಾನೇ #27 ಅನ್ನು ಮುಚ್ಚುತ್ತದೆ. ಕೆಲಸದ ಬೋರ್ಡಿನಲ್ಲಿ ಆ ಚೀಟಿ ತಾನೇ `Done` ಕಂಬಕ್ಕೆ ಹೋಗುತ್ತದೆ. `Closes` ಅಥವಾ `Resolves` ಎಂದರೂ ನಡೆಯುತ್ತದೆ. ನಾವು ಮೊದಲು ಅಭಿಮಾನದಿಂದ "ಸರಿಪಡಿಸಿದೆ #27" ಎಂದು ಬರೆಯುತ್ತಿದ್ದೆವು. ಅದು ಇಶ್ಯೂಗೆ ಒಂದು ಕೊಂಡಿ ಹಾಕುತ್ತದೆ ಅಷ್ಟೇ, ಮುಚ್ಚುವುದಿಲ್ಲ. ಅದಕ್ಕೆ ಅರ್ಥವಾಗುವುದು ಇಂಗ್ಲಿಷಿನ ಆ ಕೆಲವೇ ಪದಗಳು.

ಇದು ವಾಕ್ಯ ಓದುವುದಿಲ್ಲ, ಪದ ಮತ್ತು ನಂಬರ್ ಅಕ್ಕಪಕ್ಕ ಇವೆಯೇ ಎಂದಷ್ಟೇ ನೋಡುತ್ತದೆ. ಇದನ್ನು ನಾವು ಪೆಟ್ಟು ತಿಂದೇ ಕಲಿತದ್ದು. ಒಮ್ಮೆ ನಮ್ಮಲ್ಲೊಬ್ಬ "This does not fix #22" ಎಂದು ಪ್ರಾಮಾಣಿಕವಾಗಿ ಬರೆದಿದ್ದ. ಮರ್ಜ್ ಆಯಿತು, #22 ಮುಚ್ಚಿಹೋಯಿತು! "not" ಅದಕ್ಕೆ ಲೆಕ್ಕಕ್ಕೇ ಇಲ್ಲ. ಇನ್ನೊಮ್ಮೆ `Fixes #23, #24` ಎಂದು ಬರೆದೆವು. ಮುಚ್ಚಿದ್ದು 23 ಮಾತ್ರ. ಪ್ರತಿ ನಂಬರಿನ ಹಿಂದೆಯೂ ಪದ ಬೇಕು: `Fixes #23, fixes #24`.

ಇನ್ನೊಂದು ಸಂಗತಿ ನಮ್ಮನ್ನು ಎರಡು ವಾರ ಸತಾಯಿಸಿತ್ತು. ಪದ ಸರಿ, ನಂಬರ್ ಸರಿ, ಮರ್ಜ್ ಕೂಡ ಆಗಿದೆ, ಇಶ್ಯೂ ಮಾತ್ರ ತೆರೆದೇ ಇದೆ. ಕಾರಣ ಇಷ್ಟು. ಕೋಡಿಗೆ `main` ಎಂಬ ಮುಖ್ಯ ಕೊಂಬೆಯಿದ್ದರೆ, ಪ್ರಯೋಗಕ್ಕೆಂದು ನಾವೇ `dev` ಎಂಬ ಇನ್ನೊಂದು ಕೊಂಬೆ ಮಾಡಿಕೊಂಡಿದ್ದೆವು. ನಮ್ಮ ಪುಲ್ ರಿಕ್ವೆಸ್ಟ್‌ಗಳೆಲ್ಲ `dev` ಕಡೆಗೆ ಹೋಗುತ್ತಿದ್ದವು. ಮುಖ್ಯ ಕೊಂಬೆಯ ಕಡೆ ಹೋಗದ ಪುಲ್ ರಿಕ್ವೆಸ್ಟ್‌ನಲ್ಲಿ ಈ ಪದಗಳನ್ನು ಗಿಟ್‌ಹಬ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮರ್ಜ್ ಮಾಡುವ ಮೊದಲೇ ಇದನ್ನು ಕಂಡುಹಿಡಿಯಬಹುದು. ಪುಟದ ಬಲಬದಿಯಲ್ಲಿ `Development` ಎಂಬ ಜಾಗವಿದೆ. ಅಲ್ಲಿ ಇಶ್ಯೂ ಹೆಸರು ಕಾಣದಿದ್ದರೆ ವಿವರಣೆಯಲ್ಲಿ ಬರೆದ ಸಾಲು ಏನೂ ಮಾಡುವುದಿಲ್ಲ.

ಪದವನ್ನು ಪುಲ್ ರಿಕ್ವೆಸ್ಟ್ ಬದಲು ಕಮಿಟ್‌ನಲ್ಲಿ, ಅಂದರೆ ತಿದ್ದುಪಡಿ ಉಳಿಸುವಾಗ ಬರೆಯುವ ಟಿಪ್ಪಣಿಯಲ್ಲಿ ಬರೆದರೂ ನಡೆಯುತ್ತದೆ. ಆಗ ಆ ಕಮಿಟ್ ಯಾವತ್ತು `main` ತಲುಪುತ್ತದೋ ಅವತ್ತು ಇಶ್ಯೂ ಮುಚ್ಚುತ್ತದೆ. `dev` ಅನ್ನು ತಿಂಗಳಿಗೊಮ್ಮೆ `main`ಗೆ ಸೇರಿಸುವವರಿಗೆ ಆ ದಿನ ಹತ್ತಾರು ಇಶ್ಯೂಗಳು ಒಟ್ಟಿಗೇ ಮುಚ್ಚಿಕೊಳ್ಳುವುದು ಇದರಿಂದಲೇ. ನಾವು `dev` ಕೊಂಬೆಯನ್ನೇ ಕೈಬಿಟ್ಟೆವು. ನಾಲ್ಕು ಜನಕ್ಕೆ ಅದು ಬೇಕಿರಲಿಲ್ಲ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೆ ಬಂದದ್ದು #27. ಬುಧವಾರ ರಾತ್ರಿ ಮರ್ಜ್ ಆಯಿತು. ಗುರುವಾರ ಬೆಳಿಗ್ಗೆ ಬೋರ್ಡ್ ನೋಡಿದೆವು, `Done`. ಅಣ್ಣನಿಗೆ ಫೋನ್ ಮಾಡಿ "ಸರಿಹೋಗಿದೆ ಅಣ್ಣ, ಇನ್ನು ನೋಡಿ" ಎಂದೆವು.

ಅವರು ನೋಡಿದರು. ಅಂದು ಕ್ವಿಂಟಲ್ ದರ 2,000ಕ್ಕೆ ಏರಿತ್ತು. ಬಾಕ್ಸಿಗೆ 300 ತೋರಿಸಬೇಕಿದ್ದ ಪುಟ 400 ತೋರಿಸುತ್ತಿತ್ತು. ನಾವೇ ಸರಿಹೋಗಿದೆ ಎಂದಿದ್ದರಿಂದ ಅವರು ನಂಬಿದರು. ತೋಟಕ್ಕೇ ಬಂದ ವ್ಯಾಪಾರಿ 290 ಕೇಳಿದಾಗ ಕೊಡಲಿಲ್ಲ. 40 ಬಾಕ್ಸ್ ಆಟೊಗೆ ಹಾಕಿಸಿ ಮಂಡಿಗೆ ಒಯ್ದರು. ಹರಾಜಾಗಿದ್ದು 300ಕ್ಕೆ. ಬಾಕ್ಸಿಗೆ ಹತ್ತು ರೂಪಾಯಿ, ಅಂದರೆ 400 ರೂಪಾಯಿ ಹೆಚ್ಚು ಸಿಕ್ಕಿತು. ಆಟೊ ಬಾಡಿಗೆಯೇ 1,200. ಸಂಜೆ ಫೋನ್ ಮಾಡಿದಾಗ ಅವರು ಬೈಯಲಿಲ್ಲ. "ನೀವು ನೋಡಿ ಹೇಳಿದ್ರಾ, ಸುಮ್ಕೆ ಹೇಳಿದ್ರಾ?" ಎಂದಷ್ಟೇ ಕೇಳಿದರು.

ನೋಡಿರಲಿಲ್ಲ. ದರದ ಅಂಕಿಗಳು ದಿನವೂ ತಾವೇ ಬದಲಾಗುತ್ತವೆ. ಕೋಡನ್ನು ಸರ್ವರ್‌ಗೆ ಹಾಕುವುದು ಮಾತ್ರ ನಮ್ಮ ಕೈಕೆಲಸ, ಶುಕ್ರವಾರ ರಾತ್ರಿ ಮಾಡುತ್ತಿದ್ದೆವು. `Fixes` ನೋಡುವುದು ಕೋಡು `main` ಸೇರಿತೇ ಎಂಬುದನ್ನು. ಓದುಗರ ಫೋನಿಗೆ ತಲುಪಿತೇ ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಸುಳ್ಳು ಹೇಳಿದ್ದು ಬೋರ್ಡ್ ಅಲ್ಲ, `Done` ಎಂಬುದಕ್ಕೆ ನಾವೇ ಇಲ್ಲದ ಅರ್ಥ ಕೊಟ್ಟಿದ್ದೆವು.

ಆ ರಾತ್ರಿಯೇ ಕೋಡ್ ಹಾಕಿ, #27 ಅನ್ನು ಮತ್ತೆ ತೆರೆದೆವು. ಆಮೇಲೆ ಪದ್ಧತಿ ಬದಲಿಸಿದೆವು. ನಮ್ಮೊಳಗಿನ ಕೆಲಸಗಳಿಗೆ, ಅಂದರೆ ಕಡತದ ಹೆಸರು ತಿದ್ದುವುದು, ಬೇಡದ ಕೋಡ್ ತೆಗೆಯುವುದು ಇಂಥವಕ್ಕೆ `Fixes` ಇದೆ, ತಾನೇ ಮುಚ್ಚಿಕೊಳ್ಳಲಿ. ಓದುಗರು ಹೇಳಿದ ದೂರಿಗೆ ಮಾತ್ರ `Refs #27` ಎಂದು ಬರೆಯುತ್ತೇವೆ. `Refs` ಆ ಪಟ್ಟಿಯಲ್ಲಿರುವ ಪದವಲ್ಲ, ಹಾಗಾಗಿ ಕೊಂಡಿ ಬೀಳುತ್ತದೆ, ಇಶ್ಯೂ ತೆರೆದೇ ಇರುತ್ತದೆ. ಬೋರ್ಡಿನಲ್ಲಿ `Done`ಗೆ ಮುಂಚೆ "ಫೋನಲ್ಲಿ ನೋಡಬೇಕು" ಎಂಬ ಕಂಬ ಹಾಕಿದ್ದೇವೆ. ಮರ್ಜ್ ಮಾಡಿದವರು ಚೀಟಿಯನ್ನು ಕೈಯಾರೆ ಅಲ್ಲಿಗೆ ಎಳೆಯಬೇಕು. ಕೆಲವೊಮ್ಮೆ ಮರೆಯುತ್ತಾರೆ, ನಿಜ. ಮರೆತರೆ ಮುಗಿದ ಕೆಲಸ ಮುಗಿಯದಂತೆ ಕಾಣುತ್ತದೆ ಅಷ್ಟೇ. ಆ ಕಡೆಯ ತಪ್ಪಿಗೆ ಯಾರೂ ಆಟೊ ಬಾಡಿಗೆ ಕೊಡಬೇಕಾಗಿಲ್ಲ.

ಮಾಡಿದ್ದನ್ನು ವಾಪಸ್ ತೆಗೆದಾಗಲೂ ಹೀಗೇ ಎಚ್ಚರ ಬೇಕು. ಮರ್ಜ್ ಆದ ತಿದ್ದುಪಡಿಯನ್ನು ರದ್ದು ಮಾಡಿದರೆ ಕೋಡ್ ಹಳೆಯದಾಗುತ್ತದೆ, ಮುಚ್ಚಿದ ಇಶ್ಯೂ ತಾನಾಗಿ ತೆರೆಯುವುದಿಲ್ಲ. ಅದನ್ನೂ ನಾವೇ ತೆರೆಯಬೇಕು.

ಶನಿವಾರ ಬೆಳಿಗ್ಗೆ ಅಣ್ಣ ಸ್ಕ್ರೀನ್‌ಶಾಟ್ ಕಳಿಸಿದರು. ಬಾಕ್ಸ್ ದರ, ಕೆಳಗೆ 15 ಕೆ.ಜಿ. ಎಂಬ ಬರಹ. ಅದನ್ನು #27ಕ್ಕೆ ಅಂಟಿಸಿ, ನಾವೇ ಮುಚ್ಚಿದೆವು. ಈಗ ಆ ಕಂಬದಲ್ಲಿ #31 ಕಾಯುತ್ತಿದೆ. ಅದು ಚಿಂತಾಮಣಿ ಕಡೆಯ ಒಬ್ಬ ಅಕ್ಕನ ದೂರು. ಹೊಸ ಪುಟ ಸರ್ವರ್‌ಗೆ ಹೋಗಿ ಎರಡು ದಿನವಾಯಿತು, ಅವರ ಫೋನ್ ಇನ್ನೂ ಹಿಂದಿನ ಪುಟವನ್ನೇ ನೆನಪಿಟ್ಟುಕೊಂಡು ತೋರಿಸುತ್ತಿದೆ.