ಶವರಿನ ಬಾಯಿಗೆ ನಿಂಬೆ ಉಪ್ಪು

ವೈಟ್‌ಫೀಲ್ಡ್ ಕಡೆ ಬಾಡಿಗೆ ಮನೆ ನೋಡೋಕೆ ಹೋದವರು ಮೊದಲು ಬಾಲ್ಕನಿ ನೋಡ್ತಾರೆ, ಆಮೇಲೆ ಪಾರ್ಕಿಂಗ್ ಕೇಳ್ತಾರೆ. ನಾನು ನೇರ ಬಾತ್‌ರೂಮಿಗೆ ಹೋಗಿ ಶವರ್ ತಿರುಗಿಸ್ತೀನಿ. ಅರ್ಧ ತೂತುಗಳು ಮುಚ್ಚಿ, ಒಂದು ಧಾರೆ ಗೋಡೆಗೂ ಇನ್ನೊಂದು ಬಾಗಿಲಿಗೂ ಹೊಡೆದರೆ ಆ ಮನೆಯ ನೀರಿನ ಜಾತಕ ಗೊತ್ತಾದ ಹಾಗೆ. ಮಹದೇವಪುರದಿಂದ ಸರ್ಜಾಪುರ ರಸ್ತೆವರೆಗಿನ ಹೆಚ್ಚಿನ ಅಪಾರ್ಟ್‌ಮೆಂಟ್‌ಗಳ ಕಥೆ ಒಂದೇ. ಸ್ವಂತ ಬೋರ್‌ವೆಲ್ ಇರುತ್ತೆ, ಅದು ಸಾಲದಿದ್ದಾಗ ಟ್ಯಾಂಕರ್ ಬರುತ್ತೆ. ಟ್ಯಾಂಕರಿನ ನೀರೂ ಇನ್ಯಾರದೋ ಬೋರ್‌ವೆಲ್ಲಿನದೇ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾದ ಮೇಲೆ ಕೆಲವರಿಗೆ ಕಾವೇರಿ ನೀರೂ ಸಿಕ್ಕಿದೆ. ಆದರೆ ಸಂಪಿನಲ್ಲಿ ಮೂರೂ ಬೆರೆತ ಮೇಲೆ ನಲ್ಲಿಗೆ ಬರೋದು ಮತ್ತೆ ಗಡಸು ನೀರೇ.

ಆ ನೀರು ನೂರಾರು ಅಡಿ ಕೆಳಗಿನ ಕಲ್ಲಿನ ಸಂದುಗಳಲ್ಲಿ ನಿಂತು ಸುಣ್ಣದ ಅಂಶವನ್ನು ಕರಗಿಸಿಕೊಂಡು ಬಂದಿರುತ್ತೆ. ನಲ್ಲಿಯ ಮೇಲೆ ಒಂದು ಹನಿ ಒಣಗಿದಾಗ ನೀರು ಹೋಗುತ್ತೆ, ಸುಣ್ಣ ಉಳಿಯುತ್ತೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ 200 ಮಿಲಿಗ್ರಾಂವರೆಗಿನ ಗಡಸುತನ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತೆ. ನಮ್ಮ ನೀರು 500 ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ ನೂರು ಹನಿ ಶವರಿನ ಬಾಯಲ್ಲೇ ಒಣಗಿದರೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಗ್ರಾಂ ಕಲ್ಲು. ಕೇಳೋಕೆ ಏನೂ ಅಲ್ಲ. ಆದರೆ ಸೂಜಿಮೊನೆಯಂಥ ತೂತುಗಳನ್ನು ಮುಚ್ಚೋಕೆ ಅಷ್ಟು ಬೇಕಾದಷ್ಟಾಯ್ತು.

ನಾವು ಇದನ್ನು 'ಉಪ್ಪು ಕಟ್ಟಿದೆ' ಅಂತೀವಿ. ನಿಜವಾದ ಉಪ್ಪಾಗಿದ್ದರೆ ನೀರು ಹಾಕಿದ ತಕ್ಷಣ ಕರಗಿ ಹೋಗ್ತಿತ್ತು. ಇದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು. ಅದಕ್ಕೇ ಸೋಪು, ಸಬೀನಾ, ಬಿಸಿನೀರು ಯಾವುದಕ್ಕೂ ಜಗ್ಗಲ್ಲ. ಜಗ್ಗೋದು ಹುಳಿಗೆ ಮಾತ್ರ. ಹುಳಿ ತಾಗಿದ ಕೂಡಲೇ ಅದು ಗುಳ್ಳೆ ಬಿಟ್ಟುಕೊಂಡು ಕರಗುತ್ತೆ.

ಹಾಗಂತ ಎಲ್ಲ ಹುಳಿಯೂ ಒಂದೇ ಅಲ್ಲ. ಇದನ್ನು ನನಗೆ ಸರಿಯಾಗಿ ತಿಳಿಸಿದ್ದು ಪೀಣ್ಯದಲ್ಲಿ ಮೂವತ್ತು ವರ್ಷ ಪ್ಲೇಟಿಂಗ್ ಕೆಲಸ ಮಾಡಿದ ನನ್ನ ಸೋದರಮಾವ. ಟಾಯ್ಲೆಟ್ ತೊಳೆಯೋಕೆ ಅಂತ ಬಾಟಲಿಯಲ್ಲಿ ಮಾರೋ ಆಸಿಡ್ ನಲ್ಲಿಗೂ ಹಾಕಬಹುದಾ ಅಂತ ಕೇಳಿದ್ದಕ್ಕೆ ಅವರು ನಕ್ಕುಬಿಟ್ಟರು. "ನಲ್ಲಿ ಒಳಗೆ ಹಿತ್ತಾಳೆ ಕಣೇ. ಅದರ ಮೇಲೆ ನಿಕ್ಕಲ್, ನಿಕ್ಕಲ್ ಮೇಲೆ ಕ್ರೋಮ್. ನೀನು ನೋಡ್ತಿರೋ ಹೊಳಪು ಕೂದಲೆಳೆಗಿಂತ ನೂರು ಪಟ್ಟಿಗಿಂತ ಜಾಸ್ತಿ ತೆಳು. ಹಳೇ ಕ್ರೋಮ್ ಕಿತ್ತುಹಾಕಬೇಕು ಅಂದ್ರೆ ಫ್ಯಾಕ್ಟರೀಲಿ ನಾವು ಅದ್ದೋದೇ ಆ ಆಸಿಡ್‌ಗೆ!" ಟಾಯ್ಲೆಟ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ಅದು ಸುಣ್ಣವನ್ನು ಒಂದೇ ನಿಮಿಷದಲ್ಲಿ ತೆಗೆಯುತ್ತೆ, ಮುಂದಿನ ನಿಮಿಷದಲ್ಲಿ ನಲ್ಲಿಯನ್ನೂ. ಸ್ಟೀಲ್ ಜುಂಗಿನಿಂದ ಉಜ್ಜಿದರೂ ಅದೇ ಗತಿ. ಗೀರು ಬಿದ್ದ ಕಡೆ ಹೊಸ ಸುಣ್ಣ ಇನ್ನೂ ಬೇಗ ಹಿಡಿದು ಕೂರುತ್ತೆ.

ನಮಗೆ ಬೇಕಿರೋದು ಸೌಮ್ಯವಾದ ಹುಳಿ. ಅಡುಗೆಮನೆಯ ವಿನೆಗರ್ ಆಗುತ್ತೆ, ಸಿಟ್ರಿಕ್ ಆಸಿಡ್ ಕೂಡ ಆಗುತ್ತೆ. ಸಿಟ್ರಿಕ್ ಆಸಿಡನ್ನು ದಿನಸಿ ಅಂಗಡಿಯಲ್ಲಿ 'ನಿಂಬೆ ಉಪ್ಪು' ಅಂತ ಕೇಳಿ, ಸಕ್ಕರೆಯಂಥ ಬಿಳಿ ಹರಳು ಕೊಡ್ತಾರೆ. ನೂರು ಎಂ.ಎಲ್. ವಿನೆಗರ್ ಸುಮಾರು ನಾಲ್ಕು ಗ್ರಾಂ ಸುಣ್ಣ ಕರಗಿಸಬಲ್ಲದು. ಎರಡು ದೊಡ್ಡ ಚಮಚ, ಅಂದರೆ ಮೂವತ್ತು ಗ್ರಾಂನಷ್ಟು ನಿಂಬೆ ಉಪ್ಪು ಇಪ್ಪತ್ತು ಗ್ರಾಂಗಿಂತ ಹೆಚ್ಚು ಕರಗಿಸುತ್ತೆ, ಮನೆಯೆಲ್ಲ ಉಪ್ಪಿನಕಾಯಿ ಜಾಡಿಯ ಹಾಗೆ ನಾರೋದೂ ಇಲ್ಲ. ಅದಕ್ಕೇ ನನ್ನ ಮತ ನಿಂಬೆ ಉಪ್ಪಿಗೆ. ವಿನೆಗರ್ ತಗೊಳ್ಳೋದಾದರೆ ಅಡುಗೆಗೆ ಮಾರೋದನ್ನೇ ತಗೊಳ್ಳಿ. ಕೆಮಿಕಲ್ ಅಂಗಡಿಯ ಗಟ್ಟಿ ಅಸಿಟಿಕ್ ಆಸಿಡ್ ಚರ್ಮ ಸುಡುತ್ತೆ.

ನಮ್ಮ ಮನೆಯ ಶವರನ್ನೇ ತಗೊಳ್ಳೋಣ. ಅಂಗೈ ಅಗಲದ ದುಂಡು ತಲೆ, ಎರಡು ವರ್ಷ ಯಾರೂ ಮುಟ್ಟಿರಲಿಲ್ಲ. ಅದನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತೆ. ಕೈಯಲ್ಲಿ ಬಾರದಿದ್ದರೆ ದಪ್ಪ ಬಟ್ಟೆ ಸುತ್ತಿ ಆಮೇಲೆ ಸ್ಪ್ಯಾನರ್ ಹಾಕಬೇಕು, ಬರೀ ಸ್ಪ್ಯಾನರ್ ಹಾಕಿದರೆ ಕ್ರೋಮ್ ಮೇಲೆ ಹಲ್ಲಿನ ಗುರುತು ಖಾಯಂ. ಒಳಗಿರೋ ರಬ್ಬರ್ ವಾಷರ್ ಎತ್ತಿಡಿ, ಅದು ಕಳೆದರೆ ಶವರ್ ಸೋರುತ್ತೆ. ಪ್ಲಾಸ್ಟಿಕ್ ಮಗ್ಗಿನಲ್ಲಿ ಅರ್ಧ ಲೀಟರ್ ಬೆಚ್ಚಗಿನ ನೀರು, ಅದಕ್ಕೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು. ಸ್ನಾನದ ನೀರಿನಷ್ಟು ಬಿಸಿ ಸಾಕು. ಕೈಗೆ ಗ್ಲೌಸ್ ಇರಲಿ, ಪುಡಿ ಸುರಿಯುವಾಗ ಮುಖ ದೂರ ಇರಲಿ, ಕಣ್ಣಿಗೆ ಹಾರಿದರೆ ವಿಪರೀತ ಉರಿ. ಶವರಿನ ತಲೆಯನ್ನು ಕೆಳಮುಖವಾಗಿ ಮುಳುಗಿಸಿದರೆ ಸೋಡಾ ಬಾಟಲಿ ತೆಗೆದ ಹಾಗೆ ಸಣ್ಣ ಗುಳ್ಳೆಗಳು ಏಳುತ್ತವೆ.

ಈ ಗುಳ್ಳೆಗಳೇ ನಿಮ್ಮ ಮೀಟರ್. ಇಪ್ಪತ್ತು ನಿಮಿಷಕ್ಕೆ ಗುಳ್ಳೆ ನಿಂತಿತು ಅನ್ನಿ. ಆಗ ಎರಡು ಸಾಧ್ಯತೆ, ಒಂದೋ ಸುಣ್ಣ ಮುಗಿದಿದೆ, ಇಲ್ಲವೋ ಹುಳಿಯ ಕಸುವು ಮುಗಿದಿದೆ. ಇನ್ನೊಂದು ಚಮಚ ನಿಂಬೆ ಉಪ್ಪು ಹಾಕಿ ನೋಡಿ. ಮತ್ತೆ ಗುಳ್ಳೆ ಬಂದರೆ ಕೆಲಸ ಬಾಕಿ ಇದೆ. ಬರಲಿಲ್ಲ ಅಂದರೆ ಎತ್ತಿಬಿಡಿ. ನಮ್ಮ ಶವರಿಗೆ ಎರಡು ಸುತ್ತು ಬೇಕಾಯ್ತು, ಒಟ್ಟು ಮುಕ್ಕಾಲು ಗಂಟೆ. ಆಮೇಲೆ ಹಳೇ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ರಬ್ಬರ್ ತೂತುಗಳನ್ನು ಹೆಬ್ಬೆರಳಿನಿಂದ ಅದುಮಿ, ಹಿಂದಿನಿಂದ ಜೋರಾಗಿ ನೀರು ಬಿಟ್ಟರೆ ಒಳಗಿನ ಚೂರುಗಳೂ ಹೊರಬೀಳುತ್ತವೆ.

ರಾತ್ರಿಯಿಡೀ ನೆನೆಸಿದರೆ ಇನ್ನೂ ಚೆನ್ನಾಗಿ ಹೋಗುತ್ತೆ ಅನ್ನೋರು ಇದ್ದಾರೆ. ಬೇಡ. ಕ್ರೋಮಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇದ್ದರೆ ಹುಳಿ ಅಲ್ಲಿಂದ ಒಳಗಿಳಿದು ಹಿತ್ತಾಳೆಯನ್ನು ತಿನ್ನುತ್ತೆ. ಹೊಳಪಿನ ನಡುವೆ ತಾಮ್ರದ ಕೆಂಪೋ ಹಸಿರೋ ಕಂಡರೆ ಅದು ಕೊಳೆಯಲ್ಲ, ಪ್ಲೇಟಿಂಗ್ ಹೋಗಿದೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ. ಕಪ್ಪು, ಬಂಗಾರದ ಬಣ್ಣದ ನಲ್ಲಿಗಳಾದರೆ ಮೊದಲು ಕಾಣದ ಮೂಲೆಯಲ್ಲಿ ಐದು ನಿಮಿಷ ಹಚ್ಚಿ ನೋಡೋದು ಕ್ಷೇಮ. ನಿಂಬೆ ಉಪ್ಪಿಗೆ ತನ್ನದೇ ಒಂದು ಚಾಳಿ ಇದೆ. ತುಂಬ ಬಿಸಿ ನೀರಿನಲ್ಲಿ ಗಂಟೆಗಟ್ಟಲೆ ಬಿಟ್ಟರೆ, ಅಥವಾ ತೊಳೆಯದೆ ಒಣಗಲು ಬಿಟ್ಟರೆ, ಕರಗಿದ ಸುಣ್ಣ ಅದರ ಜೊತೆ ಸೇರಿ ಕ್ಯಾಲ್ಸಿಯಂ ಸಿಟ್ರೇಟ್ ಅನ್ನೋ ಬಿಳಿ ಪುಡಿಯಾಗಿ ಮತ್ತೆ ಕೂರುತ್ತೆ. ಅದು ನೀರಿನಲ್ಲಿ ಸುಲಭಕ್ಕೆ ಕರಗಲ್ಲ.

ಗೋಡೆಯ ನಲ್ಲಿಯನ್ನು ಮಗ್ಗಿನಲ್ಲಿ ಮುಳುಗಿಸೋಕಾಗಲ್ಲ. ಅದಕ್ಕೆ ಹಳೇ ಬನಿಯನ್ ಬಟ್ಟೆಯ ಪಟ್ಟಿಯನ್ನು ಅದೇ ನೀರಿನಲ್ಲಿ ಅದ್ದಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ ಕಾಲು ಗಂಟೆ ಬಿಡಿ. ಬಿಚ್ಚೋಕೆ ಬಾರದ ಶವರಿಗೂ ಕವರಿನಲ್ಲಿ ಹುಳಿನೀರು ತುಂಬಿ ರಬ್ಬರ್‌ಬ್ಯಾಂಡ್ ಹಾಕಿದರಾಯ್ತು. ಹನಿ ಎಲ್ಲಿ ಬೀಳ್ತಿದೆ ಅನ್ನೋದನ್ನು ಮಾತ್ರ ನೋಡಿಕೊಳ್ಳಿ. ಮಾರ್ಬಲ್ಲೂ ಕಡಪ ಕಲ್ಲೂ ಅದೇ ಸುಣ್ಣದ ಜಾತಿ. ನಲ್ಲಿ ಕೆಳಗೆ ಕಡಪ ಕಲ್ಲಿನ ಕಟ್ಟೆ ಇದ್ದರೆ ಹುಳಿ ಬಿದ್ದಲ್ಲೆಲ್ಲ ಹೊಳಪು ಸತ್ತು ಬೂದುಬಣ್ಣದ ಮಚ್ಚೆ ಉಳಿಯುತ್ತೆ, ಅದು ತೊಳೆದರೆ ಹೋಗಲ್ಲ. ಟೈಲ್ಸ್ ಸಂದಿನ ಸಿಮೆಂಟನ್ನೂ ಹುಳಿ ತಿನ್ನುತ್ತೆ. ಕೆಳಗೊಂದು ಬಕೆಟ್ ಇಟ್ಟು, ನೆಲಕ್ಕೆ ಮೊದಲೇ ನೀರು ಚೆಲ್ಲಿ ಶುರುಮಾಡಿ.

ಇಷ್ಟೂ ನಲ್ಲಿ ಉಳಿಸುವ ಮಾತಾಯ್ತು. ಮನುಷ್ಯರನ್ನು ಉಳಿಸುವ ಮಾತು ಒಂದಿದೆ. ನಮ್ಮ ಬ್ಲಾಕಿನಲ್ಲಿ ಮನೆಕೆಲಸ ಮಾಡುವ ಅಕ್ಕ ಒಬ್ಬರು ಒಂದು ದಿನ ಬ್ಲೀಚಿಂಗ್ ಪೌಡರ್ ಹಾಕಿದ್ದ ನೆಲದ ಮೇಲೇ ಆಸಿಡ್ ಬಾಟಲಿ ಬಗ್ಗಿಸೋಕೆ ಹೊರಟಿದ್ದರು. ತಡೆದೆ. "ಎರಡೂ ಸೇರಿಸಿದ್ರೆ ಬೇಗ ಬೆಳ್ಳಗಾಗುತ್ತೆ ಮೇಡಂ. ಸ್ವಲ್ಪ ಕಣ್ಣುರಿ, ಕೆಮ್ಮು ಬರುತ್ತೆ, ಅದು ಇದ್ದಿದ್ದೇ" ಅಂದರು. ಅದು ಇದ್ದಿದ್ದಲ್ಲ. ಬ್ಲೀಚಿಂಗ್‌ಗೆ ಯಾವುದೇ ಹುಳಿ ಸೇರಿದರೂ ಕ್ಲೋರಿನ್ ಅನಿಲ ಏಳುತ್ತೆ. ಆಸಿಡ್ ಆದರೂ ಸರಿ, ವಿನೆಗರ್ ಆದರೂ ಸರಿ, ನಿಂಬೆ ಉಪ್ಪಾದರೂ ಸರಿ. ಕಿಟಕಿ ಅಂದರೆ ಒಂದಡಿ ವೆಂಟಿಲೇಟರ್ ಮಾತ್ರ ಇರುವ ನಮ್ಮ ಬಾತ್‌ರೂಮುಗಳಲ್ಲಿ ಅದು ಶ್ವಾಸಕೋಶಕ್ಕೇ ಕೈ ಹಾಕುತ್ತೆ. ಹುಳಿಯ ಕೆಲಸ ಒಂದು ದಿನ, ಬ್ಲೀಚಿಂಗ್ ಇನ್ನೊಂದು ದಿನ, ನಡುವೆ ಚೆನ್ನಾಗಿ ನೀರು. ಘಾಟು ಎದ್ದೇಬಿಟ್ಟರೆ ತೊಳೆಯುತ್ತಾ ನಿಲ್ಲದೆ ಹೊರಗೆ ಗಾಳಿಗೆ ಬನ್ನಿ. ಉಸಿರು ಕಟ್ಟಿದಂತಾದರೆ ಆಸ್ಪತ್ರೆಗೆ ಹೋಗಿ. ಬಾತ್‌ರೂಮ್ ತೊಳೆಯುವವರು ನೀವಲ್ಲದಿದ್ದರೆ ಇದನ್ನು ತೊಳೆಯುವವರಿಗೆ ಹೇಳಿ. ಬಾಟಲಿಗಳನ್ನು ತಂದುಕೊಡೋರು ನಾವೇ ತಾನೆ?

ಕೆಲವು ಬಿಳಿ ಕಲೆಗೆ ಹುಳಿ ತಾಗಿದರೂ ಒಂದೂ ಗುಳ್ಳೆ ಏಳಲ್ಲ. ಅದು ಸೋಪಿನ ಜಿಡ್ಡಾಗಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ಹೋಗುತ್ತೆ. ನೀರಿನಲ್ಲಿದ್ದ ಸಿಲಿಕಾ ಗಾಜಿನಂತೆ ಅಂಟಿದ್ದರೆ ಇನ್ನಷ್ಟು ಹುಳಿ ಸುರಿದು ಪ್ರಯೋಜನವಿಲ್ಲ. ನಲ್ಲಿಯ ಬಾಯಲ್ಲಿರೋ ಪುಟ್ಟ ಜರಡಿ, ಏರೇಟರ್, ಹಾಗೆ ಕಟ್ಟಿಕೊಂಡಿದ್ದರೆ ಹೊಸದು ಹಾಕಿಸೋದೇ ಸುಲಭ, ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತೆ.

ಹೋದ ಸುಣ್ಣ ಮತ್ತೆ ಬರುತ್ತೆ, ನೀರು ಅದೇ ಅಲ್ಲವಾ. ತೆಳ್ಳಗಿದ್ದಾಗಲೇ ಎರಡು ತಿಂಗಳಿಗೊಮ್ಮೆ ಹುಳಿ ಹಚ್ಚಿದರೆ ಹತ್ತು ನಿಮಿಷದ ಕೆಲಸ, ಎರಡು ವರ್ಷ ಬಿಟ್ಟರೆ ಮುಕ್ಕಾಲು ಗಂಟೆ. ಸ್ನಾನ ಆದ ಮೇಲೆ ನಲ್ಲಿಗೆ ಒಂದು ಒಣಬಟ್ಟೆ ಆಡಿಸಿದರೆ ಹುಳಿಯ ಕೆಲಸ ಇನ್ನೂ ಅಪರೂಪ. ಹನಿಯೇ ಒಣಗದಿದ್ದರೆ ಸುಣ್ಣ ಕೂರೋದು ಎಲ್ಲಿ? ಅಡ್ವಾನ್ಸ್ ದುಡ್ಡಿನಲ್ಲಿ 'ಫಿಟ್ಟಿಂಗ್ಸ್ ಹಾಳಾಗಿದೆ' ಅಂತ ಮುರಿದುಕೊಳ್ಳೋ ಓನರ್‌ಗಳಿಗೆ ತೋರಿಸೋಕೂ ಆ ಹೊಳೆಯೋ ನಲ್ಲಿ ಸಾಕು.